ನುಂಗಿದ ಮಾತ್ರೆ

ಬೆಳಿಗ್ಗೆ ಐದೂ ಕಾಲಿಗೆ ಸರಿಯಾಗಿ ಜಯಕರ ರಾಯರು ತಮ್ಮ ಹೆಂಡತಿಯ ಬಾಯಿ ತೆರೆಸುತ್ತಿದ್ದರು.

"ಆ ಅನ್ನು. ನಾಲಗೆ ಎತ್ತು. ಆ ಬದಿ ತೋರಿಸು. ಈ ಬದಿ. ಹ್ಞೂಂ, ಹೋಗು."

ಇದು ನಡೆಯುತ್ತಿದ್ದದ್ದು ಮನೆಯೊಳಗಲ್ಲ. ಛತ್ರಪತಿ ಸಂಭಾಜಿನಗರದ ಸ್ಟೇಷನ್ ರಸ್ತೆಯಲ್ಲಿರುವ 'ಸುಧಾಮ' ಹೋಟೆಲಿನ ಅಡಿಗೆಮನೆಯಲ್ಲಿ, ದೊಡ್ಡ ಇಡ್ಲಿ ಸ್ಟೀಮರಿನ ಎದುರು. ಸ್ಟೀಮರಿನ ಮೇಲೆ ಒಂದು ಹಲಗೆ. ಹಲಗೆಯ ಮೇಲೆ ಹಿಂದೆ ಏಲಕ್ಕಿ ಹಾಕಿಡುತ್ತಿದ್ದ ಸ್ಟೀಲಿನ ಡಬ್ಬಿ. ರಾಯರು ಅದರಿಂದ ನಾಲ್ಕು ಪುಟ್ಟ ಬಿಳಿ ಮಾತ್ರೆ ಎಣಿಸಿ ಹರಿಣಾಕ್ಷಿಯ ಅಂಗೈಗೆ ಹಾಕುವರು, ನೀರಿನ ಲೋಟ ಕೊಡುವರು, ಆಮೇಲೆ ಪೊಲೀಸರು ಕಳ್ಳನ ಜೇಬು ತಡಕಿದ ಹಾಗೆ ಅವಳ ಬಾಯಿಯನ್ನು ತಪಾಸಣೆ ಮಾಡುವರು. ಹೆಡ್ ಕುಕ್ ಮಧುಕರ ಆ ಹೊತ್ತಿಗೆ ತಪ್ಪದೆ ಬೆನ್ನು ತಿರುಗಿಸಿ ಸಾಂಬಾರಿನ ಹಂಡೆಗೆ ಸೌಟು ಹಾಕುತ್ತಿದ್ದ. ಬೇರೆಯವರು ಬೆನ್ನು ತಿರುಗಿಸುತ್ತಿರಲಿಲ್ಲ. ಬಿಟ್ಟಿ ತಮಾಷೆ ಯಾರಿಗೆ ಬೇಡ?

ರಾಯರಿಗೆ ಐವತ್ತೆಂಟು. ಕಾರ್ಕಳದ ಕಡೆಯಿಂದ ಹದಿನೇಳನೆಯ ವಯಸ್ಸಿಗೆ ಬಂದು ಲೋಟ ತೊಳೆದು, ಚಟ್ನಿ ರುಬ್ಬಿ, ಕೊನೆಗೆ ಸ್ವಂತ ಹೋಟೆಲು ಕಟ್ಟಿದವರು. ಅಷ್ಟು ಮೇಲೆ ಬಂದವರಿಗೆ ಕೆಳಗಿದ್ದವರೆಲ್ಲ ಸೋಮಾರಿಗಳಾಗಿ ಕಾಣುವುದು ಒಂದು ಕಾಯಿಲೆ. ಅದಕ್ಕೆ ಯಾವ ಲ್ಯಾಬಿನಲ್ಲೂ ಪರೀಕ್ಷೆ ಇಲ್ಲ. ಮರಾಠಿ ಗಿರಾಕಿಗಳು ಸೋಮಾರಿಗಳು, ಉತ್ತರ ಭಾರತದ ಸಪ್ಲೈಯರುಗಳು ಸೋಮಾರಿಗಳು, ಬ್ಯಾಂಕಿನವರಂತೂ ಸೋಮಾರಿತನಕ್ಕೆ ಸಂಬಳ ಪಡೆಯುವವರು. ಇವರೆಲ್ಲರ ಮಹಾರಾಣಿ ಅಂದರೆ ತಮ್ಮ ಹೆಂಡತಿ ಎಂದು ರಾಯರು ತೀರ್ಮಾನಿಸಿ ಕೆಲವು ವರ್ಷವಾಗಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜತೆ ಯಾರು ವಾದ ಮಾಡಿಯಾರು?

ಹರಿಣಾಕ್ಷಿ ಹಾಗಿದ್ದವಳೇ ಅಲ್ಲ. ಇಪ್ಪತ್ತಾರು ವರ್ಷ ಗಲ್ಲಾದಲ್ಲಿ ಕೂತವಳು. ಯಾರಿಗೆ ಸಕ್ಕರೆ ಇಲ್ಲದ ಚಹಾ, ಯಾರ ಮಗಳಿಗೆ ಹತ್ತನೆಯ ಪರೀಕ್ಷೆ, ಯಾರು ಸೋಮವಾರ ಉಪವಾಸ, ಎಲ್ಲ ಅವಳ ನಾಲಗೆಯ ತುದಿಯಲ್ಲಿ. ಮರಾಠಿಯಲ್ಲಿ ಜಗಳ, ಹಿಂದಿಯಲ್ಲಿ ಚೌಕಾಸಿ, ಕನ್ನಡದಲ್ಲಿ ಬೈಗುಳ ಮೂರನ್ನೂ ಒಂದೇ ಉಸಿರಿಗೆ ನಡೆಸುತ್ತಿದ್ದಳು. 'ಸುಧಾಮ'ಕ್ಕೆ ಜನ ಬರುತ್ತಿದ್ದದ್ದು ಇಡ್ಲಿಗೆಂದು ರಾಯರು ನಂಬಿದ್ದರು. ಆ ನಂಬಿಕೆ ಅವರೊಬ್ಬರದ್ದೇ. ಆ ಗಲ್ಲಾ ಅವಳಿಗೆ ಬರೀ ಕುರ್ಚಿಯಲ್ಲ, ಊರಲ್ಲದ ಊರಿನಲ್ಲಿ ಅವಳು ತನ್ನದು ಎಂದು ಹೇಳಬಹುದಾಗಿದ್ದ ಒಂದೇ ಜಾಗ.

ಹನ್ನೊಂದು ವರ್ಷದ ಹಿಂದೆ ಅವಳ ಕೊರಳಿನಲ್ಲಿ ಸಣ್ಣ ಊತ ಕಂಡಿತ್ತು. ಸಂಭಾಜಿನಗರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಗ್ರಂಥಿ ಸೋತಷ್ಟೂ ಏರುವ ಟಿಎಸ್‌ಎಚ್ ಏಳು, ಇರಬೇಕಾದದ್ದಕ್ಕಿಂತ ಸ್ವಲ್ಪವೇ ಹೆಚ್ಚು. ಆದರೆ ಇನ್ನೊಂದು ಸಾಲಿನಲ್ಲಿ, ಮೂವತ್ತೈದರ ಒಳಗೆ ಇರಬೇಕಾದ ಪ್ರತಿಕಾಯಗಳ ಲೆಕ್ಕ ಒಂಬೈನೂರು ದಾಟಿತ್ತು. ಆ ಡಾಕ್ಟರು ತಾಳ್ಮೆಯವರು, ಕಾಗದದ ಮೇಲೆ ಚಿಟ್ಟೆಯಂಥ ಗ್ರಂಥಿಯ ಚಿತ್ರ ಬರೆದು ವಿವರಿಸಿದ್ದರು. ಗ್ರಂಥಿಯ ಒಳಗೆ ಪೆರಾಕ್ಸಿಡೇಸ್ ಅಂತ ಒಂದು ಕಿಣ್ವ ಇದೆ, ಅಯೋಡಿನನ್ನು ಹಿಡಿದು ಹಾರ್ಮೋನಿಗೆ ಜೋಡಿಸುವ ಕೆಲಸದ್ದು. ನಿಮ್ಮ ಮೈಯ ಕಾವಲಿನವರು ಅದನ್ನೇ ಕಳ್ಳ ಅಂದುಕೊಂಡಿದ್ದಾರೆ. ರಕ್ತದಲ್ಲಿ ಸಿಕ್ಕಿದ ಈ ಪ್ರತಿಕಾಯಗಳು ಅದರ ಕುರುಹು. ಗ್ರಂಥಿಯನ್ನು ನಿಜವಾಗಿ ತಿನ್ನುತ್ತಿರುವುದು ಒಳಗೆ ನುಗ್ಗಿರುವ ಬಿಳಿಯ ರಕ್ತಕಣಗಳು. ಒಂದೇ ದಿನಕ್ಕೆ ಅಲ್ಲ, ವರ್ಷಗಟ್ಟಲೆ, ಸ್ವಲ್ಪ ಸ್ವಲ್ಪ. ಉಳಿದ ಭಾಗ ಅಷ್ಟು ದಿನ ಕೆಲಸ ಮಾಡುತ್ತಲೇ ಇರುತ್ತದೆ, ತಲೆಯಿಂದ ಟಿಎಸ್‌ಎಚ್ ಬಂದು 'ಇನ್ನೂ ಮಾಡು, ಇನ್ನೂ ಮಾಡು' ಅಂತ ಅದನ್ನು ದಬಾಯಿಸುತ್ತದೆ. ಕಡಿಮೆ ಬಿದ್ದ ಹಾರ್ಮೋನನ್ನು ಮಾತ್ರೆಯಿಂದ ತುಂಬಿಸಬೇಕು, ಮುಂದೆ ಅದನ್ನು ಹೆಚ್ಚಿಸಬೇಕಾಗಿ ಬರಬಹುದು. ಅದು ಯಾರ ತಪ್ಪೂ ಅಲ್ಲ.

ಹರಿಣಾಕ್ಷಿ ಎಲ್ಲವನ್ನೂ ಕೇಳಿಸಿಕೊಂಡಳು. ರಾಯರು ಕೇಳಿಸಿಕೊಂಡದ್ದು 'ಸ್ವಲ್ಪವೇ ಹೆಚ್ಚು' ಎನ್ನುವ ಎರಡು ಶಬ್ದ. ಉಳಿದದ್ದೆಲ್ಲ ಕೋಣನ ಮುಂದೆ ಬಾರಿಸಿದ ಕಿನ್ನರಿ.

ಐದು ವರ್ಷ ಅವಳು ಮನೆಯ ಬೀರುವಿನಲ್ಲಿ ಬಾಟಲಿ ಇಟ್ಟುಕೊಂಡು ತಾನೇ ಮಾತ್ರೆ ತೆಗೆದುಕೊಂಡಳು. ಮೊದಲು ಇಪ್ಪತ್ತೈದು, ಆಮೇಲೆ ಐವತ್ತು ಮೈಕ್ರೋಗ್ರಾಂ. ಆರನೆಯ ವರ್ಷ ಟಿಎಸ್‌ಎಚ್ ಮತ್ತೆ ಹನ್ನೊಂದಕ್ಕೆ ಏರಿತು. ಡಾಕ್ಟರು ಹೇಳಿದ್ದೇ ಆಗಿತ್ತು, ಗ್ರಂಥಿ ತನ್ನ ದಾರಿ ಹಿಡಿದು ಕುಸಿಯುತ್ತಿತ್ತು. ಆದರೆ ರಾಯರಿಗೆ ಕಾರಣ ಬೇರೆ ಹೊಳೆಯಿತು.

"ಮಾತ್ರೆ ತಗೊಂಡಿದ್ರೆ ಯಾಕೆ ಏರುದು? ಮರ್ತಿದ್ದಿ. ಇನ್ಮೇಲೆ ನಾನೇ ಕೊಡ್ತೇನೆ. ನಾನಿಲ್ಲದಿದ್ರೆ ಈ ಮನೆಯಲ್ಲಿ ಒಂದು ಕೆಲಸ ನೆಟ್ಟಗೆ ಆಗುದುಂಟಾ?"

ಹೋಟೆಲಿನವರ ಪದ್ಧತಿ ಬೇರೆ. ಅವರು ಯಾವುದನ್ನೂ ಚಿಲ್ಲರೆ ತರುವವರಲ್ಲ. ರವೆ, ಉದ್ದು, ಕಾಫಿಪುಡಿ ಎಲ್ಲ ಮೂಟೆಯಲ್ಲಿ ಬರುತ್ತದೆ, ಬಂದದ್ದು ಡಬ್ಬಿಗೆ ಸುರಿಯುತ್ತದೆ, ಮೂಟೆ ರದ್ದಿಗೆ ಹೋಗುತ್ತದೆ. ರಾಯರು ಮಾತ್ರೆಯನ್ನೂ ಹಾಗೆಯೇ ಮಾಡಿದರು. ಐವತ್ತರ ಮಾತ್ರೆಯ ಹತ್ತು ಬಾಟಲಿ ಒಟ್ಟಿಗೆ ತಂದು, ಹತ್ತನ್ನೂ ಡಬ್ಬಿಗೆ ಬರಿದು ಮಾಡಿ, ಬಾಟಲಿಗಳನ್ನು ಎಸೆದರು. ಡಬ್ಬಿ ಕಣ್ಣೆದುರು ಇರಲೆಂದು ತಾವು ದಿನದ ಮೊದಲ ಕೆಲಸ ಮಾಡುವ ಜಾಗದಲ್ಲೇ ಇಟ್ಟರು. ಡೋಸ್ ಏರಿದಾಗ ಒಂದು ಮಾತ್ರೆ ಜಾಸ್ತಿ ಎಣಿಸಿದರಾಯಿತು. ಈ ವ್ಯವಸ್ಥೆಯನ್ನು ಕಂಡು ಅವರಿಗೆ ತಮ್ಮ ಮೇಲೇ ಪ್ರೀತಿ ಉಕ್ಕಿತು.

ಮುಂದಿನ ವರ್ಷಗಳಲ್ಲಿ ಡೋಸ್ ಏರುತ್ತಲೇ ಹೋಯಿತು. ನೂರು, ನೂರೈವತ್ತು, ಇನ್ನೂರು. ಟಿಎಸ್‌ಎಚ್ ಅದಕ್ಕಿಂತ ಜೋರಾಗಿ ಏರಿ ನಲವತ್ತಾರಕ್ಕೆ ಬಂತು. ಹರಿಣಾಕ್ಷಿಯ ಮುಖ ಊದಿಕೊಂಡಿತು, ಹುಬ್ಬಿನ ಹೊರತುದಿ ಉದುರಿತು, ದನಿ ದಪ್ಪವಾಗಿ ಎಳೆದೆಳೆದು ಬಂತು. ಮರಾಠವಾಡದ ಮೇ ತಿಂಗಳಿನಲ್ಲಿ, ನಾಯಿಯೂ ಹೊರಗೆ ಬರದ ಬಿಸಿಲಲ್ಲಿ, ಅವಳು ಸ್ವೆಟರ್ ಹಾಕಿಕೊಂಡು ಗಲ್ಲಾದಲ್ಲಿ ಕೂತಳು. ಗಿರಾಕಿ ಕೇಳಿದ್ದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಅವನು ಬಸ್ಸು ಹತ್ತಿರುತ್ತಿದ್ದ. ಸಂಭಾಜಿನಗರದ ಡಾಕ್ಟರು ಬದಲಾಗಿದ್ದರು. ಹೊಸಬರು ರಿಪೋರ್ಟು ನೋಡಿ, "ಮಾತ್ರೆ ದಿನಾ ತಗೊಳ್ತಾರಾ?" ಎಂದು ಕೇಳಿದ್ದು ಅವಳನ್ನಲ್ಲ, ರಾಯರನ್ನು.

"ನಾನು ಕೈಗೆ ಕೊಡ್ತೇನೆ, ಸಾಹೇಬ್ರೆ. ಬಾಯಿಯಿಂದ ಮುಂದೆ ಅದು ಎಲ್ಲಿಗೆ ಹೋಗ್ತದೆ ಅಂತ ದೇವರಿಗೇ ಗೊತ್ತು," ಎಂದರು ರಾಯರು.

ಬಾಯಿ ತಪಾಸಣೆ ಶುರುವಾದದ್ದು ಆ ದಿನದಿಂದ. ಅವಳು ಮಾತ್ರೆಯನ್ನು ಕೆನ್ನೆಯೊಳಗೆ ಅಡಗಿಸಿ, ಆಮೇಲೆ ಉಗುಳುತ್ತಾಳೆ ಎನ್ನುವುದು ರಾಯರ ಸಂಶೋಧನೆ. ಯಾಕೆ ಉಗುಳಬೇಕು? ಅದಕ್ಕೂ ಅವರಲ್ಲಿ ಉತ್ತರವಿತ್ತು: ಕಾಯಿಲೆ ಇದ್ದರೆ ತಾನೇ ಕೂತು ತಿನ್ನಬಹುದು? ಬಾಯಿಯೆಲ್ಲ ನೋಡಿಯಾದ ಮೇಲೂ ಟಿಎಸ್‌ಎಚ್ ಇಳಿಯಲಿಲ್ಲ. ಅದರಿಂದ ರಾಯರು ತಮ್ಮ ಸಂಶೋಧನೆ ತಪ್ಪೆಂದು ತಿಳಿಯಲಿಲ್ಲ. ಇವಳು ತಾವು ಎಣಿಸಿದ್ದಕ್ಕಿಂತ ದೊಡ್ಡ ಕಳ್ಳಿ ಎಂದು ತಿಳಿದರು.

ಇಂಥ ಸಂಗತಿ ಮನೆಯೊಳಗೆ ಇರುತ್ತದೆಯೇ? ದಿನಾ ಒಂಬತ್ತಕ್ಕೆ ಉಪ್ಪಿಟ್ಟು ತಿನ್ನಲು ಬರುತ್ತಿದ್ದ ರೇವಣಪ್ಪ, ವಿಜಯಪುರದ ಕಡೆಯವರು, ಬ್ಯಾಂಕಿನ ಮ್ಯಾನೇಜರು, ಒಂದು ದಿನ ಕೇಳಿಯೇ ಬಿಟ್ಟರು.

"ಏನ್ರಿ ರಾಯರ, ಅಕ್ಕಾರು ಯಾಕೋ ಮಂಕಾಗ್ಯಾರಲ್ರಿ? ಮೊದಲ ನಮ್ಮನ್ನ ಬೈದು ಉಪ್ಪಿಟ್ಟು ತಿನಿಸ್ತಿದ್ರು. ಈಗ ನೋಡಿದ್ರ ನಗೂದೂ ಇಲ್ಲ."

"ಥೈರಾಯ್ಡ್ ಅಂತೆ, ಮ್ಯಾನೇಜರ್ ಸಾಹೇಬ್ರೆ. ಮಾತ್ರೆ ಕೊಟ್ರೆ ಉಗುಳ್ತಾಳೆ. ಐವತ್ತು ವರ್ಷದ ಮಗು ಸಾಕ್ತಿದ್ದೇನೆ ನಾನು." ಗಲ್ಲಾ ಮೂರು ಮಾರು ದೂರ. ಹರಿಣಾಕ್ಷಿಗೆ ಕಿವಿ ಮಾತ್ರ ಇನ್ನೂ ಚುರುಕಾಗಿತ್ತು.

"ಹಂಗ ಅನಬ್ಯಾಡ್ರಿ. ನಮ್ಮ ಅಕ್ಕನೂ ಅದ ಗುಳಿಗಿ ತಗೋತಾಳ. ಆರಾಮ ಅದಾಳ."

"ನಿಮ್ಮ ಅಕ್ಕ ನುಂಗ್ತಾರೆ," ಎಂದು ರಾಯರು ನಕ್ಕರು. ರೇವಣಪ್ಪ ನಗಲಿಲ್ಲ. ರಾಯರಿಗೆ ಅದು ಗೊತ್ತಾಗಲಿಲ್ಲ, ತಮ್ಮ ನಗೆ ಕೇಳಿದರೆ ಬೇರೆಯವರ ನಗೆಯ ಅಗತ್ಯ ಅವರಿಗೆ ಬೀಳುತ್ತಿರಲಿಲ್ಲ.

ಜೂನ್ ಮೊದಲ ವಾರ ಅನಾಹುತವಾಯಿತು. ಹತ್ತಿರದ ಬಿಡಕಿನ್‌ ಎಂಬ ಊರಿನಲ್ಲಿ ಹೊಸ ಕಾರ್ಖಾನೆಯೊಂದರ ಪೂಜೆ. ಇನ್ನೂರೈವತ್ತು ಜನಕ್ಕೆ ನಾಷ್ಟಾ ಕಳಿಸಬೇಕೆಂದು ಫೋನು ಬಂದದ್ದು ಹರಿಣಾಕ್ಷಿಗೆ. ಅವಳು "ಹ್ಞೂಂ, ಹ್ಞೂಂ" ಎಂದಳು, ಫೋನಿಟ್ಟಳು, ಕಣ್ಣು ಎಳೆಯಿತು, ಪುಸ್ತಕದಲ್ಲಿ ಬರೆಯಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಆರಕ್ಕೆ ಕಾರ್ಖಾನೆಯ ಟೆಂಪೋ ಬಂದು ಬಾಗಿಲಲ್ಲಿ ನಿಂತಾಗ ಅಡಿಗೆಮನೆಯಲ್ಲಿ ಇದ್ದದ್ದು ದಿನದ ಅರವತ್ತು ಇಡ್ಲಿ ಮತ್ತು ರಾಯರ ಬಾಯಿ.

"ಇಲ್ಲಿಂದ ಏಳು," ಎಂದರು ರಾಯರು, ಟೆಂಪೋದವನ ಎದುರೇ. "ಆ ಕುರ್ಚಿಗೆ ನಿನ್ನ ಭಾರ ಹೊತ್ತು ಸಾಕಾಗಿದೆ. ನಾಶಿಕಿಗೆ ಮಗಳ ಮನೆಗೆ ಹೋಗಿ ಬಿದ್ಕೋ. ಮಾತ್ರೆ ನುಂಗ್ಲಿಕ್ಕೆ ಯಾವಾಗ ಕಲೀತಿಯೋ ಆವಾಗ ಬಾ. ಅಲ್ಲಿವರೆಗೆ ಗಲ್ಲಾ ನಿತೀಶ ನೋಡ್ತಾನೆ."

ನಿತೀಶ ರಾಯರ ತಮ್ಮನ ಮಗ, ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಮುಗಿಸಿ ಮೊಬೈಲು ಮ್ಯಾನೇಜ್ ಮಾಡುತ್ತಿದ್ದವನು. ಹರಿಣಾಕ್ಷಿ ಎದ್ದಳು. ಎದ್ದು ನಿಲ್ಲಲು ಅವಳಿಗೆ ಎಷ್ಟು ಹೊತ್ತು ಬೇಕಾಯಿತೆಂದರೆ, ಬೈಗುಳ ಮುಗಿದು ರಾಯರು ಹೊಸದನ್ನು ಹುಡುಕಬೇಕಾಯಿತು.

"ನಾನು ನುಂಗಿದ್ದೇನೆ," ಎಂದಳು ಅವಳು, ನಿಧಾನವಾಗಿ. "ಎಲ್ಲವನ್ನೂ."

"ನುಂಗಿದ್ರೆ ನಲವತ್ತಾರು ಎಲ್ಲಿಂದ ಬಂತು?" ಎಂದರು ರಾಯರು.

ಡಬ್ಬಿಯನ್ನು ರಾಯರು ಕಳಿಸಲಿಲ್ಲ, ಹೆಂಡತಿಯ ಕೈಗೆ ಡಬ್ಬಿ ಕೊಡುವುದುಂಟೇ? ಡಾಕ್ಟರ ಚೀಟಿ ಮಾತ್ರ ಕಳಿಸಿದರು. ನಾಶಿಕಿನ ಇಂದಿರಾನಗರದಲ್ಲಿ ಮಗಳು ಅಕ್ಷಿತಾ ಚೀಟಿ ನೋಡಿ, ಮನೆಯ ಪಕ್ಕದ ಮೆಡಿಕಲಿನಿಂದ ನೂರರ ಮಾತ್ರೆಯ ಹೊಸ ಬಾಟಲಿ ತಂದಳು. ದಿನಕ್ಕೆ ಎರಡು, ಖಾಲಿ ಹೊಟ್ಟೆಗೆ. ಬಾಟಲಿಯನ್ನು ಮಲಗುವ ಕೋಣೆಯ ಕಪಾಟಿನಲ್ಲಿ, ಸೀರೆಗಳ ಪಕ್ಕ ಇಟ್ಟಳು. ಅಲ್ಲಿ ಯಾರೂ ಯಾರ ಬಾಯಿಯನ್ನೂ ನೋಡಲಿಲ್ಲ.

ಹದಿನೈದು ದಿನಕ್ಕೆ ಅಕ್ಷಿತಾಳ ಫೋನು ಬಂತು. "ಪಪ್ಪಾ, ಅಮ್ಮ ಏಕ್‌ದಮ್ ಬದಲಾಗಿದ್ದಾಳೆ. ಸ್ವೆಟರ್ ತೆಗ್ದಿದ್ದಾಳೆ. ನಿನ್ನೆ ತರಕಾರಿಯ ಭಾಜಿವಾಲಾನ ಜೊತೆ ಅರ್ಧ ಗಂಟೆ ಜಗಳ!"

ರಾಯರ ಸಂತೋಷ ಹೇಳತೀರದು. ಹೆಂಡತಿ ಚೇತರಿಸಿಕೊಂಡಳೆಂದಲ್ಲ, ತಾವು ಗೆದ್ದೆವೆಂದು. "ನೋಡಿದ್ಯಾ? ನಾನು ಹೇಳಿದ್ದು ಎಂತ? ಅಲ್ಲಿ ನುಂಗ್ತಾಳೆ, ಇಲ್ಲಿ ಉಗುಳ್ತಿದ್ಳು! ಅದೇ ಡೋಸ್, ಅದೇ ಹೆಂಗಸು." ಅಂದು ಉಪ್ಪಿಟ್ಟಿಗೆ ಬಂದ ರೇವಣಪ್ಪನವರಿಗೆ ಹೇಳಿದರು, ಮಧುಕರನಿಗೆ ಹೇಳಿದರು, ಹಾಲಿನವನಿಗೂ ಹೇಳಿದರು. ಇತ್ತ ಗಲ್ಲಾದಲ್ಲಿ ನಿತೀಶ ಗಿರಾಕಿಯ ಮುಖ ನೋಡದೆ ಚಿಲ್ಲರೆ ತಳ್ಳುತ್ತಿದ್ದ. ಹಳೆಯ ಗಿರಾಕಿಗಳು ತಮಗೆ ಅತ್ತಿಗೆಯಂತಿದ್ದವಳನ್ನು ನೆನೆದು "ವಹಿನಿ ಯಾವಾಗ ಬರ್ತಾರೆ?" ಎಂದು ಕೇಳಿ ಕೇಳಿ, ಎದುರಿನ ಹೋಟೆಲಿಗೆ ದಾಟಲು ಶುರು ಮಾಡಿದ್ದರು. ರಾಯರಿಗೆ ಅದೂ ಅವರ ಸೋಮಾರಿತನವೆಂದೇ ಕಂಡಿತು, ರಸ್ತೆ ದಾಟುವುದಕ್ಕೆ ಶ್ರಮ ಬೇಕೆನ್ನುವುದು ಹೊಳೆಯಲಿಲ್ಲ.

ಆರನೆಯ ವಾರ ಮತ್ತೆ ಫೋನು. ಈ ಸಲ ಅಕ್ಷಿತಾ ಗಾಬರಿಯಾಗಿದ್ದಳು. ಅಮ್ಮನಿಗೆ ಎದೆ ಡವಡವ ಹೊಡೆದುಕೊಳ್ಳುತ್ತಿದೆ, ಕೈ ನಡುಗಿ ಲೋಟ ಹಿಡಿಯಲಾಗುತ್ತಿಲ್ಲ, ನಿದ್ದೆ ಇಲ್ಲ, ಬೆವರುತ್ತಾಳೆ, ಆರು ವಾರದಲ್ಲಿ ಐದು ಕಿಲೋ ಇಳಿದಿದ್ದಾಳೆ. ಹಾರ್ಮೋನಿನ ಸ್ಪೆಶಲಿಸ್ಟ್ ಒಬ್ಬರಿಗೆ ತೋರಿಸಿದ್ದೇವೆ. ಅವರು ಮಾತ್ರೆ ಕೊಡುತ್ತಿದ್ದವರನ್ನು ಕರೆದುಕೊಂಡು ಬನ್ನಿ ಅಂದಿದ್ದಾರೆ.

ರಾಯರು ಮೊದಲ ಬಸ್ಸಿಗೆ ಹೊರಟರು. ದಾರಿಯುದ್ದಕ್ಕೂ ಅವರು ತಯಾರಾದದ್ದು ಒಂದೇ ಮಾತಿಗೆ: ಇವಳು ಈಗ ಹಟಕ್ಕೆ ಡಬಲ್ ನುಂಗುತ್ತಿದ್ದಾಳೆ.

ಡಾಕ್ಟರ್ ಮಂದಾಕಿನಿಯವರು ಐವತ್ತರ ಆಸುಪಾಸಿನ ಮರಾಠಿ ಹೆಂಗಸು, ನಗದೆ ಕೇಳುವ ಜಾತಿ. ಮೇಜಿನ ಮೇಲೆ ಹನ್ನೊಂದು ವರ್ಷದ ರಿಪೋರ್ಟುಗಳನ್ನು ಸಾಲಾಗಿ ಹರಡಿಕೊಂಡಿದ್ದರು. ಹರಿಣಾಕ್ಷಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಮುಖದ ಊತ ಇಳಿದು ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. ಬೆರಳು ಸೀರೆಯ ಸೆರಗಿನ ಮೇಲೆ ನಡುಗುತ್ತಿತ್ತು. ಗಂಡ ಬಂದದ್ದಕ್ಕೆ ಅವಳು ಎದ್ದು ನಿಲ್ಲಲಿಲ್ಲ. ರಾಯರು ಅದನ್ನು ಗಮನಿಸಿದರು, ನಡುಕವನ್ನಲ್ಲ.

ಮಾತೆಲ್ಲ ಹಿಂದಿಯಲ್ಲಿ. "ನಿಮ್ಮ ಹೆಂಡತಿಯ ಟಿಎಸ್‌ಎಚ್ ನಿಮ್ಮಲ್ಲಿ ನಲವತ್ತಾರು ಇತ್ತು. ಇಲ್ಲಿ ಸೊನ್ನೆ ಪಾಯಿಂಟ್ ಸೊನ್ನೆ ಎರಡು," ಎಂದರು ಡಾಕ್ಟರು. "ಎರಡೂ ಇನ್ನೂರು ಮೈಕ್ರೋಗ್ರಾಮಿನಲ್ಲೇ."

"ಅಲ್ಲಿ ಉಗುಳ್ತಿದ್ಳು, ಡಾಕ್ಟರ್. ಇಲ್ಲಿ ನುಂಗ್ತಿದ್ದಾಳೆ. ಜಾಸ್ತಿಯೇ ನುಂಗ್ತಿದ್ದಾಳೆ."

"ಜಾಸ್ತಿ ನುಂಗಿಲ್ಲ. ಬಾಟಲಿಯಲ್ಲಿ ಉಳಿದದ್ದನ್ನು ನಿಮ್ಮ ಮಗಳು ಎಣಿಸಿದ್ದಾಳೆ, ಲೆಕ್ಕ ಸರಿ ಇದೆ. ಉಗುಳಿದ್ದನ್ನು ನೀವು ನೋಡಿದ್ದೀರಾ?"

"ನೋಡ್ಬೇಕು ಅಂತಲೇ ಎರಡು ವರ್ಷದಿಂದ ದಿನಾ ಬಾಯಿ ತೆರೆಸಿ ತಪಾಸಣೆ ಮಾಡ್ತಿದ್ದೇನೆ." ರಾಯರು ಎದೆ ಮುಂದೆ ಮಾಡಿದರು. "ನಾಲಗೆ ಎತ್ತಿಸಿ, ಕೆನ್ನೆ ಒಳಗೆಲ್ಲ. ಒಂದು ದಿನ ತಪ್ಪಿಸಿದ್ದಿಲ್ಲ. ನಮ್ಮ ಕುಕ್ ಸಾಕ್ಷಿ, ಇಡೀ ಅಡಿಗೆಮನೆ ಸಾಕ್ಷಿ."

"ಎಷ್ಟು ದಿನ ಬಾಯಿಯಲ್ಲಿ ಮಾತ್ರೆ ಸಿಕ್ಕಿತು?"

"ಸಿಕ್ಕಿಲ್ಲ."

"ಎರಡು ವರ್ಷದಲ್ಲಿ ಒಮ್ಮೆಯೂ?"

"ಇಲ್ಲ. ಭಾರೀ ಹುಷಾರು ಅವಳು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಮಾತ್ರೆ ಆದ ಕೂಡಲೇ ಕಾಫಿ ಕುಡಿಯುತ್ತಿದ್ದರಾ? ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ?"

"ಇಲ್ಲ ಇಲ್ಲ. ಒಂದು ಗಂಟೆ ಕಾಫಿ ಮುಟ್ಲಿಕ್ಕೆ ನಾನು ಬಿಡುದಿಲ್ಲ. ಗಡಿಯಾರ ನೋಡಿ ಕೊಡುದು ನಾನು."

"ಹಾಗಾದರೆ ಮಾತ್ರೆ ಹೊಟ್ಟೆಗೆ ಹೋಗಿದೆ. ಅದಕ್ಕೆ ನಿಮಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಹೊಟ್ಟೆ ಅದನ್ನು ಹೀರದಿದ್ದರೆ ಇಲ್ಲಿಯೂ ಹೀರುತ್ತಿರಲಿಲ್ಲ. ಇಲ್ಲಿ ಬೇಕಾದದ್ದಕ್ಕಿಂತ ಜಾಸ್ತಿ ಹೀರಿದೆ. ಹೆಂಗಸು ಅದೇ, ಹೊಟ್ಟೆ ಅದೇ, ಲೆಕ್ಕ ಅದೇ. ಬದಲಾದದ್ದು ಮಾತ್ರೆ ಒಂದೇ. ನೀವು ಅದನ್ನು ಎಲ್ಲಿ ಇಡುತ್ತಿದ್ದಿರಿ?"

"ಇಡ್ಲಿ ಸ್ಟೀಮರಿನ ಮೇಲಿನ ಹಲಗೆಯಲ್ಲಿ," ಎಂದರು ರಾಯರು. ತಮ್ಮ ವ್ಯವಸ್ಥೆಯ ಬಗ್ಗೆ ಯಾರಾದರೂ ಕೇಳಿದರೆ ಅವರು ಈಗಲೂ ಉತ್ಸಾಹದಿಂದಲೇ ಹೇಳುತ್ತಿದ್ದರು. "ಸ್ಟೀಲ್ ಡಬ್ಬಿಯಲ್ಲಿ. ವರ್ಷದ್ದು ಒಟ್ಟಿಗೆ ತಂದು ಹಾಕಿಡುದು. ಬಾಟಲಿ ಎಲ್ಲ ಯಾಕೆ?"

ಅಕ್ಷಿತಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಬಾಟಲಿ ಯಾಕೆ ಅಂದರೆ," ಎಂದರು ಡಾಕ್ಟರು, "ಈ ಔಷಧ ಬಿಸಿ, ತೇವ, ಬೆಳಕು ಮೂರಕ್ಕೂ ಕೆಡುತ್ತದೆ. ಬಾಟಲಿಯ ಮೇಲೆ ಬರೆದಿರುತ್ತದೆ. ನೀವು ಅದನ್ನು ದಿನಾ ಹಬೆಯಲ್ಲಿ ಬೇಯಿಸಿದ್ದೀರಿ. ಎಷ್ಟು ಶಕ್ತಿ ಉಳಿದಿತ್ತೋ ಪರೀಕ್ಷೆ ಮಾಡದೆ ನಾನು ಹೇಳಲಾರೆ. ಸಾಲುವಷ್ಟು ಉಳಿದಿರಲಿಲ್ಲ ಅನ್ನುವುದನ್ನು ಈ ರಿಪೋರ್ಟುಗಳು ಹೇಳುತ್ತವೆ."

"ಹಾಗಾದ್ರೆ ಮೊದಲ ಎರಡು ವರ್ಷ ಯಾಕೆ ಅಷ್ಟೊಂದು ಏರ್ಲಿಲ್ಲ? ಅದೇ ಡಬ್ಬಿ, ಅದೇ ಸ್ಟೀಮರು," ಎಂದು ರಾಯರು ಹಿಡಿದುಕೊಂಡರು. ಮುಳುಗುವವನಿಗೆ ಹುಲ್ಲುಕಡ್ಡಿ.

"ಆವಾಗ ಗ್ರಂಥಿಯಲ್ಲಿ ಇನ್ನೂ ಜೀವ ಇತ್ತು. ಮಾತ್ರೆ ಕೊಡದಿದ್ದದ್ದನ್ನು ಅದು ತುಂಬಿಸಿಕೊಡುತ್ತಿತ್ತು. ನಿಮ್ಮ ತಪ್ಪನ್ನು ಮುಚ್ಚಿಟ್ಟದ್ದು ಅವರ ಗ್ರಂಥಿ." ಡಾಕ್ಟರು ಹೊಸ ಸ್ಕ್ಯಾನಿನ ಕಾಗದ ತೋರಿಸಿದರು. "ಈಗ ನೋಡಿ. ಕುಗ್ಗಿದೆ, ಗಟ್ಟಿಯಾಗಿದೆ, ಎಲ್ಲ ಗಾಯದ ಕಲೆ. ಇದು ನಿಮ್ಮ ಡಬ್ಬಿಯಿಂದ ಆದದ್ದಲ್ಲ, ಕಾಯಿಲೆ ತನ್ನಷ್ಟಕ್ಕೆ ಮಾಡುವ ಕೆಲಸ ಇದು, ಹನ್ನೊಂದು ವರ್ಷದ್ದು. ಆದರೆ ಗ್ರಂಥಿ ಕೈಬಿಟ್ಟ ಮೇಲೆ ಅವರಿಗೆ ಉಳಿದದ್ದು ಮಾತ್ರೆ ಒಂದೇ. ಅದು ಸತ್ತ ಮಾತ್ರೆ. ಅವರ ತೂಕಕ್ಕೆ ದಿನಕ್ಕೆ ನೂರು ಸಾಕು. ನಿಮ್ಮಲ್ಲಿ ಇನ್ನೂರೂ ನಾಟಲಿಲ್ಲ, ಇಲ್ಲಿ ತಾಜಾ ಇನ್ನೂರು ಬಿದ್ದು ಎದೆ ಓಡುತ್ತಿದೆ. ಒಂದು ವಾರ ಮಾತ್ರೆ ನಿಲ್ಲಿಸಿ, ಆಮೇಲೆ ನೂರರದ್ದು ಒಂದೇ. ಆರು ವಾರಕ್ಕೆ ಮತ್ತೆ ಪರೀಕ್ಷೆ."

ಹರಿಣಾಕ್ಷಿ ಆಗ ಮೊದಲ ಬಾರಿಗೆ ಬಾಯಿ ಬಿಟ್ಟಳು. "ಅಂದರೆ ನಾನು ನುಂಗಿದ್ದೆ. ಹೌದಲ್ಲವಾ, ಡಾಕ್ಟರ್?"

"ಪ್ರತಿಯೊಂದನ್ನೂ, ತಾಯಿ," ಎಂದರು ಡಾಕ್ಟರು. ಆ ಮಾತನ್ನು ಮಾತ್ರ ಅವರು ಮರಾಠಿಯಲ್ಲಿ, ಮೃದುವಾಗಿ ಹೇಳಿದರು.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಆಸ್ಪತ್ರೆಯಿಂದ ಇಂದಿರಾನಗರದ ಮನೆಗೆ ಬರುವ ರಿಕ್ಷಾದಲ್ಲಿ ರಾಯರು ಅಪರಾಧಿಗಳನ್ನು ಪಟ್ಟಿ ಮಾಡುತ್ತಲೇ ಬಂದರು. ಮೆಡಿಕಲಿನವ ಹೇಳಬೇಕಿತ್ತು. ಸಂಭಾಜಿನಗರದ ಡಾಕ್ಟರು ಕೇಳಬೇಕಿತ್ತು. ಕಂಪೆನಿಯವರು ಇಷ್ಟು ನಾಜೂಕಿನ ಮಾತ್ರೆ ಯಾಕೆ ಮಾಡಬೇಕು? ಮಧುಕರನಿಗಾದರೂ ತಲೆ ಬೇಡವೇ, ದಿನಾ ಆ ಹಬೆಯಲ್ಲೇ ನಿಲ್ಲುವವನಿಗೆ? ಹರಿಣಾಕ್ಷಿ ಹೊರಗೆ ನೋಡುತ್ತಿದ್ದಳು. ಅವಳು ಒಂದು ಮಾತಿಗಾಗಿ ಕಾಯುತ್ತಿದ್ದಳು. ಅಷ್ಟು ಹೆಸರುಗಳ ನಡುವೆ ರಾಯರ ಸ್ವಂತ ಹೆಸರು ಮಾತ್ರ ಬರಲಿಲ್ಲ.

ಮನೆಯಲ್ಲಿ ರಾಯರು ಸೋಫಾದಲ್ಲಿ ಕೂತು, ಮಗಳು ಕೊಟ್ಟ ನೀರು ಕುಡಿದು, ದೊಡ್ಡ ಮನಸ್ಸು ಮಾಡಿದರು.

"ಆದದ್ದು ಆಯ್ತು. ಎಂತ ಮಾಡುದು? ನಾಳೆ ಹೊರಡುವ. ನಿತೀಶನಿಂದ ಆಗುದಿಲ್ಲ, ಗಿರಾಕಿಗಳೆಲ್ಲ ನಿನ್ನನ್ನೇ ಕೇಳ್ತಾರೆ. ಗಲ್ಲಾ ನಿನ್ನದೇ. ಮಾತ್ರೆ ನೀನೇ ಇಟ್ಕೋ, ಬೀರುವಿನಲ್ಲಿ."

ಅಕ್ಷಿತಾ ತಾಯಿಯ ಮುಖ ನೋಡಿದಳು. ಆ ಕುರ್ಚಿಗಾಗಿ ಅಮ್ಮ ಆರು ವಾರ ಹಂಬಲಿಸಿದ್ದು ಅವಳಿಗೆ ಗೊತ್ತಿತ್ತು. ನಿದ್ದೆ ಬಾರದಾಗಲೂ ಗಿರಾಕಿಗಳ ಹೆಸರು ಹೇಳುತ್ತಿದ್ದಳು.

"ಬರ್ತೇನೆ," ಎಂದಳು ಹರಿಣಾಕ್ಷಿ. ಎದೆ ಓಡುತ್ತಿದ್ದರೂ ದನಿ ಮೊದಲಿನಂತೆ ಚೂಪಾಗಿತ್ತು. "ನೀವು ಒಂದು ಕೆಲಸ ಮಾಡ್ಬೇಕು. ಬೆಳಿಗ್ಗೆ ಐದೂ ಕಾಲಿಗೆ, ಅಡಿಗೆಮನೆಯಲ್ಲಿ, ಮಧುಕರ, ಸಪ್ಲೈಯರ್ಸ್ ಎಲ್ಲ ಇರುವಾಗ ಹೇಳ್ಬೇಕು: ಇವಳು ಎಲ್ಲ ಮಾತ್ರೆ ನುಂಗಿದ್ದಳು, ಹಾಳು ಮಾಡಿದ್ದು ನಾನು ಅಂತ. ಅಷ್ಟೇ. ಬೇರೆ ಎಂತದೂ ಬೇಡ."

"ಅಷ್ಟು ಜನರ ಎದುರಾ?" ರಾಯರು ನಿಜವಾಗಿಯೂ ಬೆಚ್ಚಿಬಿದ್ದರು. "ನಿನಗೆ ತಲೆ ಸರಿ ಉಂಟಾ ಮಾರಾಯ್ತಿ? ನಾಳೆ ಆ ಸಪ್ಲೈಯರುಗಳು ನನ್ನ ಮಾತು ಕೇಳ್ತಾರಾ? ಮನೆಯ ವಿಷಯ ಮನೆಯಲ್ಲಿ ಮಾತಾಡುವ. ಬೇಕಾದ್ರೆ ಇಲ್ಲಿಯೇ ಹೇಳ್ತೇನೆ, ಮಗಳ ಎದುರು."

"ನಾನು ಬಾಯಿ ತೆರೆದದ್ದು ಇಲ್ಲಿ ಅಲ್ಲ."

ರಾಯರಿಗೆ ಸಿಟ್ಟು ಬಂತು, ಸಿಟ್ಟನ್ನು ಯಾರ ಮೇಲೆ ಇಳಿಸಬೇಕೆಂದು ಕೋಣೆಯನ್ನೆಲ್ಲ ನೋಡಿದರು. ಹೆದರುವವರು ಯಾರೂ ಕಾಣಲಿಲ್ಲ. ಕೊನೆಗೆ, "ಇದು ಹಟ. ಹಟ ಮಾಡುವವರಿಗೆ ಮದ್ದಿಲ್ಲ," ಎಂದರು, ನೆಲ ನೋಡುತ್ತ.

ಹರಿಣಾಕ್ಷಿ ಎದ್ದಳು, ಯಾರ ಸಹಾಯವೂ ಇಲ್ಲದೆ ಒಂದೇ ಸಲಕ್ಕೆ, ಮತ್ತು ಮಗಳ ಕಡೆ ತಿರುಗಿದಳು.

"ಅಕ್ಷಿತಾ, ನಾಳೆ ಬೆಳಗ್ಗಿನ ಬಸ್ಸಿಗೆ ನಿನ್ನ ಪಪ್ಪನಿಗೆ ಟಿಕೆಟ್ ಮಾಡಿಸು. ಒಂದೇ ಸಾಕು."